ಪಂಢರಿ ಕಾಕಾ ಬರೆದ ಕೊಡ

ಪಂಢರಿ ಕಾಕಾ ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕಾರಣ ಕೇಳಿದರೆ ಹೇಳಿಕೊಳ್ಳುವಂಥದ್ದು ಒಂದೂ ಇರಲಿಲ್ಲ. ಅವರು ನನ್ನ ಜೊತೆ ಎಂದೂ ಜಗಳವಾಡಿದವರಲ್ಲ. ನನ್ನ ಗಾಡಿ ಪಂಕ್ಚರ್ ಆದಾಗ ಎರಡು ಸಲ ತಮ್ಮ ಗಾಡಿಯ ಹಿಂದೆ ಕೂರಿಸಿಕೊಂಡು ಮನೆ ಮುಟ್ಟಿಸಿದವರು. ಆ ಎರಡೂ ಸಲ ಹಿಂದೆ ಕೂತು ಅವರ ಬೋಳಾಗುತ್ತಿರುವ ನೆತ್ತಿ ನೋಡುತ್ತಾ ನಾನು ಯೋಚಿಸಿದ್ದು ಒಂದೇ: ಈ ಮನುಷ್ಯ ತಿಂಗಳಿಗೆ ನೂರು ನೀರಿನ ಟಾಕಿ ಹ್ಯಾಗೆ ಮಾರುತ್ತಾನೆ, ಬಿ.ಕಾಂ. ಓದಿದ ನಾನು ಮೂವತ್ತೆಂಟು ಯಾಕೆ ಮಾರುತ್ತೇನೆ?

ಎರಡು ಸಾವಿರದ ಹದಿನಾರರ ಬೇಸಿಗೆಯ ಮಾತು. ಅದಕ್ಕೂ ಹಿಂದಿನ ವರ್ಷ ಮಳೆ ಕೈಕೊಟ್ಟು, ಔರಾದ ಕಡೆಯ ಊರುಗಳಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಗಂಡಸರು ಹೈದರಾಬಾದಿಗೋ ಪುಣೆಗೋ ಹೋಗಿದ್ದರು. ಉಳಿದವರಿಗೆ ವಾರಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಬಂದ ನೀರನ್ನು ಹಿಡಿದಿಡಲು ಟಾಕಿ ಬೇಕು. ಹಾಗಾಗಿ ನಾಡಿಗೆ ನಾಡೇ ಕಷ್ಟದಲ್ಲಿದ್ದಾಗ ನಮ್ಮ ವ್ಯಾಪಾರ ಮಾತ್ರ ಕುದುರಿತ್ತು. ಇದನ್ನು ಹೇಳಲು ನಾಚಿಕೆ ಆಗುತ್ತದೆ. ಆದರೆ ಆಗ ನನಗೆ ಅದಕ್ಕಿಂತ ಹೆಚ್ಚು ನಾಚಿಕೆ ಆಗಿದ್ದು, ಅಂಥ ಬರದಲ್ಲೂ ಟಾಕಿ ಮಾರಲಾರದ ಮನುಷ್ಯ ನಾನೊಬ್ಬನೇ ಎಂಬುದಕ್ಕೆ.

ನಾವು ಮಾರುತ್ತಿದ್ದುದು ವರುಣಿಕಾ ಎಂಬ ಹೈದರಾಬಾದಿನ ಕಂಪನಿಯ ಪ್ಲಾಸ್ಟಿಕ್ ನೀರಿನ ಟಾಕಿ. ಬೀದರ ಜಿಲ್ಲೆಗೆ ಅದರ ವಿತರಕರು ನಜಮೋದ್ದೀನ ಸೇಠರು. ಗಾಂಧಿ ಗಂಜಿನಲ್ಲಿ ತೊಗರಿ ಚೀಲದ ಲಾರಿಗಳು ನಿಲ್ಲುವ ಸಾಲಿನ ಹಿಂದೆ ಅವರ ಗೋದಾಮು. ಸೇಠರ ಬಳಿ ನಾವಿಬ್ಬರೇ ಸೇಲ್ಸ್‌ಮನ್ನರು. ಬೀದರ ಪಟ್ಟಣ, ಅಷ್ಟೂರಿನವರೆಗೆ ನನ್ನದು. ಭಾಲ್ಕಿ, ಔರಾದ ಪಂಢರಿ ಕಾಕಾ ಅವರದು. ಇಬ್ಬರ ನೌಕರಿಯೂ ಒಂದೊಂದೇ ವರ್ಷದ್ದು. ಮಾರ್ಚ್ ಮೂವತ್ತೊಂದಕ್ಕೆ ಕಂಪನಿ ಒಪ್ಪಿದರೆ ಮುಂದುವರಿಕೆ, ಇಲ್ಲದಿದ್ದರೆ ಮನೆ. ನನಗೆ ಬೇಕಿದ್ದುದು ಔರಾದ. ಅದು ಸಿಗಬೇಕೆಂದರೆ ಅಲ್ಲಿಂದ ಒಬ್ಬರು ಹೋಗಬೇಕಿತ್ತು.

ಕಾಕಾ ಭಾಲ್ಕಿಯವರು. ಬೌದ್ಧರ ಮನೆತನ, ಅಪ್ಪ ಪುರಸಭೆಯಲ್ಲಿ ನೌಕರಿಗಿದ್ದವರು. ಕಾಕಾ ಹತ್ತನೇ ಮುಗಿಸಿ ಕುಂಚ ಹಿಡಿದರು. ಲಾರಿಯ ನಂಬರು, ಅಂಗಡಿಯ ಹೆಸರು, ಸಾಲಿ ಗೋಡೆಯ ಮೇಲಿನ ನಕ್ಷೆ, ಭೀಮ ಜಯಂತಿಯ ಕಮಾನು, ಎಲ್ಲವೂ ಅವರ ಕೈಯದೇ. ಕನ್ನಡ, ಮರಾಠಿ ಎರಡನ್ನೂ ಒಂದೇ ಚಂದಕ್ಕೆ ಬರೆಯುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು. ಒಂದು ರಾತ್ರಿಯಲ್ಲಿ ಮುದ್ರಿಸಿ ಕೊಡುವ ಯಂತ್ರದ ಎದುರು ಕುಂಚ ಒಣಗಿತು. ಪುಣೆಗೆ ಹೋಗಿ ಆರು ವರ್ಷ ಕಟ್ಟಡಗಳಿಗೆ ಬಣ್ಣ ಹೊಡೆದರು. ತಾಯಿಗೆ ಲಕ್ವ ಹೊಡೆದಾಗ ವಾಪಸು ಬಂದು ಸೇಠರ ಬಳಿ ಸೇರಿದರು. ಊರು ಬಿಟ್ಟು ಹೋಗುವವರ ಮನೆಗೆ ಟಾಕಿ ಮಾರಲು ಹೋದರೆ, ಕಾಕಾ ಮೊದಲು ಕೇಳುತ್ತಿದ್ದುದು ಪುಣೆಯಲ್ಲಿ ಎಲ್ಲಿ ಇಳಿದುಕೊಳ್ಳುತ್ತೀರಿ ಎಂದು. ಟಾಕಿ ಆಮೇಲೆ.

ಇನ್ನು ಕೊಡದ ಕಥೆ. ಅದು ಶುರುವಾದದ್ದು ಹಿಂದಿನ ವರ್ಷ. ವರುಣಿಕಾದ ಗುರುತು ಒಂದು ನೀಲಿ ಬಳೆ, ಅದರೊಳಗೆ ಎರಡು ಅಲೆ. ಹೈದರಾಬಾದಿನಲ್ಲಿ ಕೂತು ನೋಡಿದವರಿಗೆ ಅವು ಅಲೆ. ಔರಾದ ಹತ್ತಿರದ ಹಳ್ಳಿಯೊಂದರಲ್ಲಿ ಶಾಲುಬಾಯಿ ಎಂಬ ಮುದುಕಿ ಟಾಕಿಯನ್ನು ಸುತ್ತು ಹೊಡೆದು ನೋಡಿ ಅಂದದ್ದು ಬೇರೆ.

"ಪಂಢರಿ, ಇದರ ಮ್ಯಾಲ ಎರಡು ಹಾವ ಯಾಕ ಬರದಾರಪಾ?"

"ಆಯಿ, ಅವು ನೀರಿನ ಅಲಿ ಅವ."

"ಎಪ್ಪತ್ತು ವರ್ಷ ಆತು ನನಗ. ಹಾವ ಯಾವುದು ಅಲಿ ಯಾವುದು ನನಗ ತಿಳಿಯಲ್ಲೇನು? ಹಾವ ಇದ್ದ ಟಾಕಿ ನೀರು ಮೊಮ್ಮಕ್ಕಳಿಗಿ ಹ್ಯಾಂಗ ಕುಡಸಲಿ?"

ಆ ಓಣಿಯಲ್ಲಿ ಅಂದು ಒಂದೂ ಟಾಕಿ ಹೋಗಲಿಲ್ಲ. ಮಾರನೆಯ ದಿನ ಕಾಕಾ ಹಳೆಯ ಕುಂಚ ತೊಳೆದು ತಂದು, ಶಾಲುಬಾಯಿಯ ಗೋಡೆಯ ಮೇಲೆ ಒಂದು ಕೊಡ ಬರೆದರು. ಸೊಂಟದ ಮೇಲೆ ಇಡಬಹುದೇನೋ ಎನ್ನುವಂಥ ತಾಮ್ರದ ಕೊಡ, ಬಾಯಿಯಿಂದ ತುಳುಕುವ ನಾಲ್ಕು ಹನಿ. ಕೆಳಗೆ ಕನ್ನಡದಲ್ಲಿ, ಮರಾಠಿಯಲ್ಲಿ ವರುಣಿಕಾ. ಗೋಡೆಯಲ್ಲಿ ಅಲೆಗಳಿಗೆ ರಜೆ. ಕೊಡ ನೋಡಿದ ಶಾಲುಬಾಯಿ, ಟಾಕಿಯ ಮೈಮೇಲಿನ ಹಾವುಗಳನ್ನು ಗೋಡೆಯ ಕಡೆ ತಿರುಗಿಸಿಟ್ಟು ಒಂದು ಟಾಕಿ ಇಳಿಸಿಕೊಂಡಳು. ವರ್ಷ ಕಳೆಯುವುದರೊಳಗೆ ನಲವತ್ತೊಂದು ಗೋಡೆ ಆಯಿತು. ಜನ ಅಂಗಡಿಗೆ ಬಂದು ವರುಣಿಕಾ ಎಂದು ಕೇಳುವುದನ್ನೇ ಬಿಟ್ಟರು. "ಕೊಡದ ಟಾಕಿ ಕೊಡ್ರಿ" ಎನ್ನುತ್ತಿದ್ದರು.

ನನ್ನ ಹೊಟ್ಟೆ ಉರಿಯಿತು. ಉರಿದ ಹೊಟ್ಟೆಯಲ್ಲಿ ಒಂದು ಉಪಾಯ ಹುಟ್ಟಿತು. ನಾನೂ ಒಂದು ಪೋಸ್ಟರ್ ಮಾಡಿಸಬೇಕು, ಅದೂ ಔರಾದಿನಲ್ಲೇ ನಿಲ್ಲಿಸಬೇಕು. ಪಟ್ಟಣದ ಫ್ಲೆಕ್ಸ್ ಅಂಗಡಿಯ ಹಬೀಬ ನನ್ನ ಸಾಲಿ ಗೆಳೆಯ.

"ಫೋಟೋ ಯಾರದ್ದು ಹಾಕಲಿ?" ಎಂದು ಕೇಳಿದ.

"ಯಾರದ್ದೂ ಬ್ಯಾಡ. ಟಾಕಿದು ಹಾಕು."

"ಅರೇ ಭಾಯ್, ಮಾರಿ ಇಲ್ಲದ ಫ್ಲೆಕ್ಸ್ ಯಾರ ನೋಡ್ತಾರ? ನಮ್ಮ ಕಡಿ ಹುಟ್ಟಹಬ್ಬದ ಫ್ಲೆಕ್ಸಿನಾಗ ಕೇಕ್ ಸಣ್ಣದು, ಮಾರಿ ದೊಡ್ಡದು. ನಿಂದು ಹಾಕ್ತೀನಿ ನೋಡು."

ನಾನು ಬೇಡ ಅನ್ನಲಿಲ್ಲ. ಮದುವೆ ಸಂಬಂಧಕ್ಕೆಂದು ನಾನು ತೆಗೆಸಿದ್ದ ಫೋಟೋವನ್ನೇ ಹಬೀಬ ಹಾಕಿದ. ಕಂಪನಿಯ ಗುರುತನ್ನು ಅಗಲಕ್ಕೆ ಎಳೆದ. ಬಳೆ ಮೊಟ್ಟೆಯಾಯಿತು. 'ಜೀವನಪೂರ್ತಿ ಗ್ಯಾರಂಟಿ' ಎಂದು ನಾನೇ ಸೇರಿಸಿದೆ, ಯಾರ ಜೀವನ ಎಂದು ಬರೆಯಲಿಲ್ಲ. ಮೂಲೆಯಲ್ಲಿ ಜಾಗ ಉಳಿದಿದ್ದಕ್ಕೆ ಹಬೀಬ ಒಂದು ಐಎಸ್‌ಐ ಮುದ್ರೆಯನ್ನೂ ಎಲ್ಲಿಂದಲೋ ತಂದು ಅಂಟಿಸಿದ. ಔರಾದಿನ ಬಸ್ ನಿಲ್ದಾಣದ ಎದುರಿಗೆ ಕಟ್ಟಿದೆವು. ಒಂದು ತಿಂಗಳಲ್ಲಿ ಆ ಫ್ಲೆಕ್ಸಿನಿಂದ ಬಂದ ಫೋನು ಒಂದೇ. ಹುಡುಗಿಯ ಅಪ್ಪ ಒಬ್ಬರು ನನ್ನ ಗೋತ್ರ ಕೇಳಿದರು.

ಅಲ್ಲಿಗೆ ನನ್ನ ಮರ್ಯಾದಸ್ಥ ಪ್ರಯತ್ನ ಮುಗಿಯಿತು. ಉಳಿದದ್ದು ಚಾಡಿ. ಕಂಪನಿಯ ಬ್ರ್ಯಾಂಡ್ ಮ್ಯಾನೇಜರ್ ಅಲಕಾ ಮೇಡಂ ಅವರಿಗೆ, ಹೊಸದೊಂದು ಹೆಸರಿಲ್ಲದ ಇಮೇಲ್ ತೆರೆದು, ಕಾಕಾ ಅವರ ಕೊಡದ ಗೋಡೆಗಳ ಹನ್ನೊಂದು ಫೋಟೋ ಕಳಿಸಿದೆ. 'ಕಂಪನಿಯ ಗುರುತಿಗೆ ಭಾಲ್ಕಿ, ಔರಾದಿನಲ್ಲಿ ಆಗುತ್ತಿರುವ ಅವಮಾನ' ಎಂದು ಮೇಲೆ ಬರೆದೆ. ಕೊನೆಗೆ 'ಒಬ್ಬ ಹಿತೈಷಿ'. ಕಳಿಸಿದ ಮೇಲೆ ಎರಡು ದಿನ ಊಟ ರುಚಿಸಿತು.

ಹತ್ತು ದಿನಕ್ಕೆ ಪತ್ರ ಬಂತು. ಸೇಠರು ನಮ್ಮಿಬ್ಬರನ್ನೂ ಗೋದಾಮಿಗೆ ಕರೆದರು. ಅಲಕಾ ಮೇಡಂ ಮೂಲತಃ ಬೀದರದವರಾದ್ದರಿಂದ ಕನ್ನಡದಲ್ಲೇ ಬರೆದಿದ್ದರು. ಸೇಠರಿಗೆ ಕನ್ನಡ ಮಾತು ಬರುತ್ತದೆ, ಓದು ನಿಧಾನ. ಅದಕ್ಕೆ ಓದುವ ಕೆಲಸ ನನಗೇ ಬಂತು. ನಾನು ಗಂಟಲು ಸರಿಮಾಡಿಕೊಂಡು, ಒಳಗೊಳಗೆ ಕುಣಿಯುತ್ತಾ ಓದಿದೆ.

'ಮಾರಾಟ ಸಿಬ್ಬಂದಿಯ ಗಮನಕ್ಕೆ. ನಮ್ಮ ನೋಂದಾಯಿತ ಗುರುತು ಒಂದೇ: ನೀಲಿ ಬಳೆ, ಒಳಗೆ ಎರಡು ಅಲೆ, ಕೆಳಗೆ ಹೆಸರು. ಸ್ಥಳೀಯವಾಗಿ ತಯಾರಿಸಿದ ಯಾವುದೇ ಗುರುತು, ಪೋಸ್ಟರ್, ಗೋಡೆಬರಹಕ್ಕೆ ಇನ್ನು ಮುಂದೆ ಅನುಮತಿ ಇಲ್ಲ. ನೀವು ಇವನ್ನು ಮಾಡಿದ್ದು ಮಾರಾಟ ಹೆಚ್ಚಲೆಂದೇ ಎಂದು ನನಗೆ ಗೊತ್ತು. ಆದ್ದರಿಂದ ಆಜ್ಞೆ ಮಾತ್ರ ಕಳಿಸದೆ ಕಾರಣವನ್ನೂ ಬರೆಯುತ್ತಿದ್ದೇನೆ.

'ಗ್ರಾಹಕರು ನಾವು ನೋಂದಾಯಿಸದ ಚಿತ್ರವನ್ನು ನಂಬತೊಡಗಿದರೆ, ಅದೇ ಚಿತ್ರವನ್ನು ನಾಳೆ ಬೇರೆಯವರೂ ಬಳಸಬಹುದು. ನೋಂದಾಯಿತ ಗುರುತನ್ನು ಕದ್ದವರನ್ನು ನೋಂದಣಿ ಪತ್ರ ಹಿಡಿದು ತಡೆಯಬಹುದು. ನೋಂದಣಿ ಇಲ್ಲದ ಚಿತ್ರ ಮೊದಲು ನಮ್ಮದೇ ಆಗಿತ್ತೆಂದು, ಜನ ಅದನ್ನು ನಮ್ಮದೆಂದೇ ತಿಳಿದಿದ್ದರೆಂದು ಸಾಬೀತು ಮಾಡುವುದು ಬಹಳ ಉದ್ದದ ದಾರಿ. ಊರಿಗೊಂದು ರೂಪ ನಾವೇ ಬಳಸಿದರೆ, ಅಸಲು ಯಾವುದು ನಕಲಿ ಯಾವುದು ಎಂದು ಗ್ರಾಹಕರಿಗೆ ಹೇಳಲು ನಮಗೇ ಬಾಯಿ ಇರುವುದಿಲ್ಲ.

'ಗ್ಯಾರಂಟಿ ಏಳು ವರ್ಷ ಮಾತ್ರ. ಪೋಸ್ಟರಿನಲ್ಲಿ ಅದಕ್ಕಿಂತ ಹೆಚ್ಚು ಬರೆದರೆ ಸುಳ್ಳು ಜಾಹೀರಾತಿನ ಹೊಣೆ ಕಂಪನಿಯದಾಗುತ್ತದೆ. ಐಎಸ್‌ಐ ಮುದ್ರೆ ಪರವಾನಗಿಗೆ ಒಳಪಟ್ಟದ್ದು. ಅದು ಅಲಂಕಾರವಲ್ಲ, ಎಲ್ಲಿಂದಲೋ ತಂದು ಅಂಟಿಸುವಂತಿಲ್ಲ. ಗುರುತನ್ನು ಎಳೆಯಬಾರದು, ಬಣ್ಣ ಬದಲಿಸಬಾರದು. ಸಿಬ್ಬಂದಿಯ ಮುಖ ಹಾಕಬಾರದು. ನಿಮ್ಮ ಊರಿಗೆ ಬೇರೆ ಪೋಸ್ಟರ್ ಬೇಕೆನಿಸಿದರೆ ನನಗೆ ಬರೆಯಿರಿ, ನಾವು ತಯಾರಿಸಿ ಕಳಿಸುತ್ತೇವೆ. ಇರುವುದೆಲ್ಲವನ್ನೂ ಮಾರ್ಚ್ ಇಪ್ಪತ್ತೆಂಟರೊಳಗೆ ತೆಗೆದು, ಮೊದಲು ಮತ್ತು ನಂತರದ ಫೋಟೋ ಕಳಿಸಬೇಕು. ಆಮೇಲೂ ಉಳಿದದ್ದು ಕಂಡರೆ ಆ ಭಾಗದ ಸಿಬ್ಬಂದಿಯ ನೌಕರಿ ಮುಂದುವರಿಯುವುದಿಲ್ಲ. ಹೇಗಿರಬಾರದು ಎಂಬುದಕ್ಕೆ ಉದಾಹರಣೆಗಳನ್ನು ಲಗತ್ತಿಸಿದೆ.'

ಮುಖ ಹಾಕಬಾರದು ಎಂಬಲ್ಲಿಗೆ ಬಂದಾಗಲೇ ನನ್ನ ಕುಣಿತ ನಿಂತಿತ್ತು. ಸೇಠರು ಹಾಳೆ ತಿರುವಿದರು. ಉದಾಹರಣೆ ಒಂದು: ನಾನು. ಮೊಟ್ಟೆಯಾದ ಬಳೆಯ ಪಕ್ಕ, ಮದುವೆಗೆ ಸಿದ್ಧನಾದ ಕ್ರಾಪಿನಲ್ಲಿ, ಜೀವನಪೂರ್ತಿ ಗ್ಯಾರಂಟಿಯೊಂದಿಗೆ.

ಹೇಗೆ ಬಂತು ಎಂದು ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಬಸ್ ನಿಲ್ದಾಣದ ಬಳಿಯ ಕೊಡದ ಗೋಡೆಯನ್ನು ನಾನು ರಸ್ತೆಯ ಆಚೆಯಿಂದ ತೆಗೆದಿದ್ದೆ. ಗೋಡೆಯ ಮಗ್ಗುಲಲ್ಲಿ ನನ್ನ ಫ್ಲೆಕ್ಸ್ ನಿಂತಿತ್ತು. ಹಿತೈಷಿಯೇ ತನ್ನ ಮುಖ ಹೈದರಾಬಾದಿಗೆ ಕಳಿಸಿದ್ದ. ಮೇಡಂ ಅದನ್ನು ದೊಡ್ಡದು ಮಾಡಿಕೊಂಡಿದ್ದರು.

"ಮಾಶಾ ಅಲ್ಲಾ," ಅಂದರು ಸೇಠರು. "ಗೋವಿಂದ, ಒಂದ ಫ್ಲೆಕ್ಸಿನಾಗ ಆಕಿ ಬ್ಯಾಡ ಅಂದಿದ್ದು ಎಲ್ಲಾ ಮಾಡೀದಿ. ಒಂದೂ ಬಿಟ್ಟಿಲ್ಲ."

ಕಾಕಾ ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಹಾಳೆಯನ್ನು ಕಣ್ಣ ಹತ್ತಿರ ಹಿಡಿದು, ಕೊಡದ ಫೋಟೋ ಇರುವ ಪುಟವನ್ನು ಬಹಳ ಹೊತ್ತು ನೋಡಿದರು. "ಸೇಠಜೀ, ನಲವತ್ತೊಂದು ಗ್ವಾಡಿ ಅವ. ಎಂಟು ದಿನ ಅದ. ಸುಣ್ಣ ಬೇಕಾಗ್ತದ್ರಿ," ಅಂದರು ಅಷ್ಟೆ.

"ಒಬ್ಬ ಹ್ಯಾಂಗ ಮಾಡ್ತಿ? ಇವನ್ನ ಕರ್ಕೊಂಡು ಹೋಗು. ತನ್ನ ಮಾರಿ ಇಳಿಸಲಿಕ್ಕಿ ಹ್ಯಾಂಗೂ ಔರಾದಕ್ಕ ಹೋಗಬೇಕಲ್ಲ."

ಹೀಗೆ ನನಗೆ ಔರಾದ ಸಿಕ್ಕಿತು, ಸುಣ್ಣದ ಬಕೆಟ್ಟಿನ ಜೊತೆಗೆ.

ಎಂಟು ದಿನ ಕಾಕಾ ಅವರ ಹಿಂದೆ ತಿರುಗಿದೆ. ಆ ಎಂಟು ದಿನ ನನ್ನ ಹೊಟ್ಟೆಕಿಚ್ಚಿಗೆ ಹಬ್ಬ. ಯಾವ ಊರಿಗೆ ಹೋದರೂ ಜನ ಬಾಗಿಲಿಗೆ ಬಂದು "ಪಂಢರಿ, ಚಾ ಕುಡಿ ಬಾ" ಅನ್ನುತ್ತಿದ್ದರು. ಟ್ಯಾಂಕರ್ ನೀರಿನ ಲೆಕ್ಕದಲ್ಲಿ ಬದುಕುತ್ತಿರುವ ಜನ ಚಹಾ ಕೊಡುತ್ತಿದ್ದರು! ಬೀದರದಲ್ಲಿ ಮೂರು ವರ್ಷದಲ್ಲಿ ನನಗೆ ಅಂಗಡಿಯವರು ಕೊಟ್ಟದ್ದು ಸ್ಟೂಲು ಮಾತ್ರ, ಅದೂ ಬೇರೆ ಗಿರಾಕಿ ಬರುವ ತನಕ. ನಾನು ಹೊಡೆದ ಸುಣ್ಣ ಹನಿಹನಿಯಾಗಿ ಇಳಿದು ಗೋಡೆಯನ್ನು ಕೆಡಿಸುತ್ತಿತ್ತು. ಅವರು ಹೊಡೆದದ್ದು ತಟ್ಟೆ ಇಟ್ಟ ಹಾಗೆ ಕೂರುತ್ತಿತ್ತು. ತಮ್ಮದೇ ಚಿತ್ರ ಅಳಿಸುವುದರಲ್ಲೂ ಒಬ್ಬ ಮನುಷ್ಯ ನನಗಿಂತ ಮುಂದೆ ಇರಬೇಕೇ?

ಐದನೆಯ ದಿನ, ಬೇವಿನ ನೆರಳಿನಲ್ಲಿ ರೊಟ್ಟಿ ಬಿಚ್ಚಿದಾಗ, ನನಗೆ ತಡೆಯಲಾಗಲಿಲ್ಲ.

"ಕಾಕಾ, ಒಂದ ಮಾತು. ಮೇಡಂಗ ಫೋಟೋ ಕಳಿಸಿದಾವ ನಾನೇ."

"ಗೊತ್ತದ."

"ಗೊತ್ತದ? ಯಾರ ಹೇಳಿದ್ರು?"

"ಮೇಡಂ ಫೋನ್ ಮಾಡಿದ್ರು. 'ನಿಮ್ಮ ಹಿತೈಷಿ ಹನ್ನೊಂದು ಫೋಟೋ ಕಳಿಸ್ಯಾನ' ಅಂದ್ರು. ನೀ ಗ್ವಾಡಿ ಫೋಟೋ ತಕ್ಕೊಂತ ತಿರಗಿದ್ದು ಊರ ಮಂದಿ ಮೊದಲೇ ಹೇಳಿದ್ರು. ನಕ್ಕರು ಪಾಪ, ಭಾಳ ನಕ್ಕರು." ಅವರು ಉಳ್ಳಾಗಡ್ಡಿ ಒಡೆದು ಅರ್ಧ ನನ್ನ ಕಡೆ ದೂಡಿದರು. "ತಿನ್ನು."

"ನನ್ನಿಂದಲೇ ನಿಮ್ಮ ನೌಕರಿಗಿ ಕುತ್ತು ಬಂತಲ್ಲ..."

"ನಿನ್ನಿಂದ?" ಕಾಕಾ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದರು. "ನೀ ಕಳಿಸೋಕಿಂತ ಹದಿನೈದು ದಿನ ಮೊದಲ ನಾನೇ ಬರದೀನಿ ಗೋವಿಂದ."

ನಡೆದದ್ದು ಇಷ್ಟು. ಫೆಬ್ರುವರಿಯಲ್ಲಿ ಯಾರೋ ಹೊರಗಿನವರು ಟೆಂಪೋದಲ್ಲಿ ಟಾಕಿ ತಂದು ಔರಾದಿನ ಹಳ್ಳಿಗಳಲ್ಲಿ ಮಾರಿದ್ದರು. ಮೈಮೇಲೆ ತಾಮ್ರದ ಕೊಡ, ನಾಲ್ಕು ಹನಿ. ಕಾಕಾ ಅವರ ಗೋಡೆಯಿಂದ ಎತ್ತಿದ ಹಾಗೆಯೇ. ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ ಮಾಲು. ಬಿಸಿಲಿಗೆ ಹದಿನೈದು ದಿನ ನಿಂತು, ಶಾಲುಬಾಯಿಯ ನೆರೆಮನೆಯ ಸಖುಬಾಯಿಯ ಅಂಗಳದಲ್ಲಿ ಟ್ಯಾಂಕರ್ ತುಂಬಿಸಿ ಹೋದ ಗಳಿಗೆಯಲ್ಲೇ ಬುಡ ಸೀಳಿತು. ಒಂದು ವಾರದ ನೀರು. ಸಖುಬಾಯಿ ಹರಿಯುವ ನೀರಿಗೆ ಸೀರೆ ಒಡ್ಡಿ ಕೂತಿದ್ದಳಂತೆ, ಸೀರೆ ಹಿಂಡಿ ಹಿಂಡಿ ಬಕೆಟ್ಟಿಗೆ ಹಾಕುತ್ತಿದ್ದಳಂತೆ.

"ಆಕಿ ನನಗ ಬೈಲಿಲ್ಲ," ಅಂದರು ಕಾಕಾ. "'ನಿನ್ನ ಕೊಡ ನೋಡಿ ತಗೊಂಡೆ ಪಂಢರಿ' ಅಂದಳು. ಅಷ್ಟೇ. ನಾ ಆ ಸೀಳಿದ ತುಂಡು ಕೊಯ್ದು ಬಸ್ಸಿನಾಗ ಹೈದರಾಬಾದಕ್ಕ ಕಳಿಸಿದೆ. 'ಈ ಕೊಡ ಬರದಾವ ನಾನು. ಇದನ್ನ ನಮ್ಮದು ಅಂತ ಹ್ಯಾಂಗ ತೋರಸ್ತೀರಿ?' ಅಂತ ಬರದೆ. ತೋರಸ್ಲಿಕ್ಕಿ ಕಷ್ಟ ಅಂದ್ರು. ಹಂಗಿದ್ರ ಬಂದ್ ಮಾಡ್ರಿ, ಎಲ್ಲಾ ಕಡಿ ಬಂದ್ ಮಾಡ್ರಿ ಅಂದೆ."

ನನಗೆ ಸಮಾಧಾನ ಆಗಬೇಕಿತ್ತು. ಪಾಪ ತೊಳೆದು ಹೋಯಿತಲ್ಲ. ಆದರೆ ಆದದ್ದು ಬೇರೆ. ಸುಣ್ಣದ ಬಕೆಟ್ಟು ಹಿಡಿದಾಗಿನಿಂದ ರಾತ್ರಿ ನಿದ್ದೆಗೆಟ್ಟು ಹೊತ್ತುಕೊಂಡಿದ್ದ ಪಾಪವೂ ನನ್ನದಲ್ಲ, ನಾನು ಮಾಡಿದ ಚಾಡಿಯಿಂದ ಏನೂ ಆಗಿರಲಿಲ್ಲ. ಕೆಟ್ಟವನಾಗಿಯೂ ನಾನು ಎರಡನೆಯವನೇ.

ಕೊನೆಯ ಗೋಡೆ ಶಾಲುಬಾಯಿಯದು. ಅವಳು ಅಂಗಳದಲ್ಲಿ ಕೈಚಾಚಿ ನಿಂತಳು.

"ಗ್ವಾಡಿ ನಂದು. ಕಂಪನಿದಲ್ಲ. ಹಚ್ಚಗೊಡಲ್ಲ."

"ಆಯಿ, ಗ್ವಾಡಿ ನಿಂದೇ. ನೀ ಒಲ್ಲೆ ಅಂದ್ರ ನಾ ಮುಟ್ಟಲ್ಲ. ಆದ್ರ ನನ್ನ ನೌಕರಿ ಹೋಗ್ತದ," ಅಂದರು ಕಾಕಾ.

"ಹೋಗಲಿ. ಬಣ್ಣ ಹೊಡಿ, ಚಂದ ಬರೀತಿ."

"ಸಖುಬಾಯಿ ಟಾಕಿ ಮ್ಯಾಲನೂ ಇದೇ ಕೊಡ ಇತ್ತು ಆಯಿ. ಇದು ಇಲ್ಲಿ ಇರೋತನಕ ಆ ಟೆಂಪೋದವನು ಬರ್ತಾನ. 'ಪಂಢರಿದೇ ಮಾಲು' ಅಂತ ಮಾರ್ತಾನ. ಇದನ್ನ ನೋಡಿ ಇನ್ನೊಬ್ಬಾಕಿ ನೀರು ಚೆಲ್ಲಿಕೊಂಡ್ರ?"

ಮುದುಕಿ ಪಕ್ಕದ ಅಂಗಳದ ಕಡೆ ನೋಡಿದಳು. ಅಲ್ಲಿ ಬುಡವಿಲ್ಲದ ಟಾಕಿಯಲ್ಲಿ ಈಗ ಒಲೆಗೆ ಹಾಕುವ ಸೆಗಣಿಯ ಕುಳ್ಳು ತುಂಬಿಟ್ಟಿದ್ದರು. ಕೈ ಇಳಿಸಿದಳು. "ಹಂಗಾದ್ರ ಖರೇ ಟಾಕಿ ಯಾವುದು ಅಂತ ನಾ ಹ್ಯಾಂಗ ಗುರುತು ಹಿಡೀಲಿ? ಹಾವಿಂದು?"

"ಹಾವಿಂದೇ," ಅಂದರು ಕಾಕಾ. "ಎರಡು ಹಾವು, ಸುತ್ತ ನೀಲಿ ಬಳಿ. ಹಾವು ಇದ್ದರ ತಗೋ, ಇಲ್ಲಂದ್ರ ಬ್ಯಾಡ. ಮ್ಯಾಲ ಹಚ್ಚಿದ್ದು ನೋಡಬ್ಯಾಡ, ಕೈಯಾಡಿಸಿ ನೋಡು. ಟಾಕಿ ಮೈಯಾಗೇ ಉಬ್ಬಿರಬೇಕು."

ಅಲಕಾ ಮೇಡಂ ಕೇಳಿದ್ದರೆ ಏನನ್ನುತ್ತಿದ್ದರೋ. ಶಾಲುಬಾಯಿ ತನ್ನ ಟಾಕಿಯ ಮೇಲೆ ಕೈಯಾಡಿಸಿ, ಹಾವುಗಳನ್ನು ಬೆರಳಿನಿಂದ ಹುಡುಕಿ, ತಲೆಯಾಡಿಸಿದಳು. ಕಾಕಾ ಸುಣ್ಣ ಹೊಡೆದರು. ಒಂದು ಕೈಗೆ ಕೊಡ ಮಾಸಲಾಗಿ ಕಾಣುತ್ತಿತ್ತು, ಎರಡನೆಯದಕ್ಕೆ ಹೋಯಿತು. ನಾನು ಫೋಟೋ ತೆಗೆದೆ. ಈ ಸಲ ಸುತ್ತಮುತ್ತ ನೋಡಿ ತೆಗೆದೆ.

ಮಾರ್ಚ್ ಮೂವತ್ತೊಂದಕ್ಕೆ ಇಬ್ಬರಿಗೂ ಮುಂದುವರಿಕೆ ಬಂತು. ಅಂದೇ ಕಾಕಾ ಸೇಠರಿಗೆ, ತಾಯಿಯನ್ನು ಬಿಟ್ಟು ದಿನಾ ಅಷ್ಟು ದೂರ ಹೋಗಲಾಗದು, ಭಾಲ್ಕಿ ಒಂದೇ ಸಾಕು, ಔರಾದ ಗೋವಿಂದನಿಗೆ ಕೊಡಿ ಅಂದರಂತೆ. ತಾಯಿಯ ಮಾತು ಸುಳ್ಳಲ್ಲ. ಆದರೆ ಸಖುಬಾಯಿಯ ಅಂಗಳದ ಮುಂದೆ ಹಾಯುವಾಗ ಅವರು ಗಾಡಿಯನ್ನು ಹೇಗೆ ಜೋರು ಮಾಡುತ್ತಿದ್ದರು ಎಂಬುದನ್ನು ನಾನು ಹಿಂದೆ ಕೂತು ನೋಡಿದ್ದೆ.

ಏಪ್ರಿಲ್ ಮೊದಲ ವಾರ ನಾನು ಔರಾದಿನ ಒಡೆಯನಂತೆ ಹೊರಟೆ. ಚೀಲದಲ್ಲಿ ಮೇಡಂ ಕಳಿಸಿದ ಹೊಸ ಪೋಸ್ಟರುಗಳು, ಬಳೆ ದುಂಡಗೆ, ಅಲೆ ನೆಟ್ಟಗೆ, ಗ್ಯಾರಂಟಿ ಏಳು ವರ್ಷ. ಸಖುಬಾಯಿಗೆ ಹೊಸ ಟಾಕಿ ಬೇಕಾಗಿದೆ ಎಂದು ತಿಳಿದು ಮೊದಲು ಅಲ್ಲಿಗೇ ಹೋದೆ. ಪೋಸ್ಟರ್ ಬಿಚ್ಚಿ ತೋರಿಸಿದೆ, ಟಾಕಿಯ ಮೂರು ಪದರದ ವಿಷಯ ಹೇಳಿದೆ, ಬಿಸಿಲು ತಡೆಯುವ ಬಗೆ ಹೇಳಿದೆ. ಬೆವರು ಒರೆಸಿಕೊಂಡೆ.

ಅವಳು ಎಲ್ಲ ಕೇಳಿ, "ಎಲ್ಲಾ ಖರೇ ಇರಬೇಕು ತಮ್ಮಾ. ಪಂಢರಿಗಿ ಫೋನ್ ಹಚ್ಚು," ಅಂದಳು.

ಹಚ್ಚಿಕೊಟ್ಟೆ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು "ಹೂಂ, ಹೂಂ" ಅಂದಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ನಕ್ಕಳು. ಆಮೇಲೆ ಫೋನು ವಾಪಸು ಕೊಟ್ಟು, "ಇಳಿಸು ಟಾಕಿ" ಅಂದಳು.

ಕಾಕಾ ಏನು ಹೇಳಿದರೆಂದು ನಾನು ಇಂದಿಗೂ ಕೇಳಿಲ್ಲ. ಆ ತಿಂಗಳು ಔರಾದಿನಲ್ಲಿ ನಲವತ್ತಾರು ಟಾಕಿ ಹೋದವು. ನಲವತ್ತಾರೂ ಹೀಗೇ ಫೋನಿನ ಮೇಲೆ ಹೋದವು. ವರದಿಯಲ್ಲಿ 'ಮಾರಿದವರು' ಎಂಬ ಕಡೆ ನನ್ನ ಹೆಸರೇ ಬರೆದೆ.